ಆಮಂತ್ರಣದ ವೇಷದಲ್ಲಿ ಬಂದ ಆದೇಶ

ಶ್ರಾವಣ ಮುಗಿಯುವ ಹೊತ್ತಿಗೆ ಮುಂಬೈ, ಠಾಣೆ, ಪುಣೆಯ ಸಾವಿರಾರು ಹೌಸಿಂಗ್ ಸೊಸೈಟಿಗಳ ಲಿಫ್ಟಿನ ಪಕ್ಕದ ಬೋರ್ಡಿಗೆ ಒಂದು ಎ4 ಹಾಳೆ ಏರುತ್ತದೆ. ಹಾಳೆಯ ಮೇಲಿನ ಮೂರನೇ ಒಂದು ಭಾಗದಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಗಣಪತಿ, ಸುತ್ತ ಮಾವಿನ ತೋರಣ, ಎರಡು ಮೂಲೆಯಲ್ಲಿ ದೀಪ. ಕೆಳಗೆ ಕೆಂಪು ಅಕ್ಷರದಲ್ಲಿ, ಎಲ್ಲ ಸಾಲೂ ನಡುವಿಗೆ ಜೋಡಿಸಿದ ಒಂದು ಬರಹ. ನೋಡಿದವರಿಗೆ ಅದು ಹಬ್ಬದ ಕರೆಯೋಲೆ. ಆದರೆ ಆ ಹಾಳೆ ನಿಜಕ್ಕೂ ಮಾಡುವ ಕೆಲಸ ಬೇರೆ. ಅದು ಪ್ರತಿ ಮನೆಯಿಂದ ಹಣ ಕೇಳುತ್ತದೆ, ನಾಲ್ಕು ಮನೆಯವರ ವಾಹನದ ಜಾಗ ಒಂದು ವಾರ ಕಿತ್ತುಕೊಳ್ಳುತ್ತದೆ, ಐದು ಸಂಜೆ ಕಟ್ಟಡದಲ್ಲಿ ಸದ್ದು ಇರುತ್ತದೆ ಎಂದು ಸಾರುತ್ತದೆ. ಇಷ್ಟನ್ನೂ ಸಂತೋಷದ ಮಾತಿನೊಳಗೆ ಅಡಗಿಸಿ ಹೇಳುವುದರಿಂದ, ಓದಿದವರಿಗೆ ತಾವು ಯಾವುದಕ್ಕೆ ಒಪ್ಪಿದೆವು ಎಂಬುದೇ ತಿಳಿಯುವುದಿಲ್ಲ.

ಇಂಥ ಹಾಳೆಯ ಮಾತು ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ ಕೆಳಗಿದೆ. ಇದು ಯಾವುದೋ ಒಂದೇ ಸೊಸೈಟಿಯದಲ್ಲ, ಎಲ್ಲೆಡೆ ಕಾಣುವ ಸಾಲುಗಳನ್ನು ಒಂದೆಡೆ ಇಟ್ಟದ್ದು. ಎರಡು ವಿಂಗ್, 84 ಮನೆ, ವರ್ಷ 2025 ಎಂದಿಟ್ಟುಕೊಂಡರೆ ಸಾಕು. ಮೂಲ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುವಂಥದ್ದನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

॥ ಶ್ರೀ ಗಣೇಶಾಯ ನಮಃ ॥
ಸಮಸ್ತ ಸದಸ್ಯರಿಗೆ ತಿಳಿಸಲು ಅತ್ಯಂತ ಹರ್ಷವಾಗುತ್ತದೆ. ಪ್ರತಿ ವರ್ಷದಂತೆ ಈ ವರ್ಷವೂ ನಮ್ಮ ಸೊಸೈಟಿಯಲ್ಲಿ ಗಣಪತಿ ಬಪ್ಪನ ಆಗಮನವು ಬುಧವಾರ ವಿಜೃಂಭಣೆಯಿಂದ ನಡೆಯಲಿದೆ. ಐದು ದಿನ ಪೂಜೆ, ಆರತಿ, ಮಕ್ಕಳ ಸ್ಪರ್ಧೆ, ಅರಿಶಿನ ಕುಂಕುಮ, ಸಾಂಸ್ಕೃತಿಕ ಕಾರ್ಯಕ್ರಮ ಹಾಗೂ ಮಹಾಪ್ರಸಾದವನ್ನು ಏರ್ಪಡಿಸಲಾಗಿದೆ. ಎಲ್ಲರೂ ಸಹಕುಟುಂಬ ಸಹಪರಿವಾರ ಆಗಮಿಸಿ ಕಾರ್ಯಕ್ರಮದ ಶೋಭೆ ಹೆಚ್ಚಿಸಬೇಕು. ಈ ನಿಮಿತ್ತ ಪ್ರತಿ ಫ್ಲಾಟಿಗೆ ರೂ. 1,001 ವಂತಿಗೆ ನಿಗದಿಪಡಿಸಲಾಗಿದೆ. ಆದಷ್ಟು ಬೇಗ ಸಲ್ಲಿಸಿ ಸಹಕರಿಸಿ. ಮಂಟಪದ ಜಾಗದಲ್ಲಿ ವಾಹನ ನಿಲ್ಲಿಸುವವರೂ ಸಹಕರಿಸಬೇಕು.
ಆದೇಶದ ಮೇರೆಗೆ, ಕಾರ್ಯದರ್ಶಿ.

ಇದರಲ್ಲಿ ಸುಳ್ಳು ಒಂದೂ ಇಲ್ಲ, ಹುಡುಕಿದರೆ ಕೆಟ್ಟ ಉದ್ದೇಶವೂ ಸಿಗುವುದಿಲ್ಲ. ಆದರೂ ಇದನ್ನು ಓದಿದವನಿಗೆ ಯಾವ ಬುಧವಾರ ಎಂದು ಗೊತ್ತಾಗುವುದಿಲ್ಲ, ಊಟ ಯಾವ ದಿನ ಎಂದೂ ಗೊತ್ತಾಗುವುದಿಲ್ಲ. ಕಾರು ತೆಗೆಯಬೇಕಾದವನಿಗೆ ತಾನೇ ತೆಗೆಯಬೇಕಾದವನು ಎಂಬ ಅರಿವೂ ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಿಡಿಗೇಡಿತನ ಇರುವುದು ‘ನಿಗದಿಪಡಿಸಲಾಗಿದೆ’ ಎಂಬ ಒಂದು ಕ್ರಿಯಾಪದದಲ್ಲಿ. ಮರಾಠಿಯ ನೋಟೀಸಿನಲ್ಲಿ ಅದು ‘ಠರವಿಣ್ಯಾತ ಆಲೇ ಆಹೇ’, ಇಂಗ್ಲಿಷಿನಲ್ಲಿ ‘ಇಟ್ ಹ್ಯಾಸ್ ಬೀನ್ ಡಿಸೈಡೆಡ್’. ಮೂರು ಭಾಷೆಯಲ್ಲೂ ಒಂದೇ ಚಾಳಿ: ಕೆಲಸ ಆಗಿದೆ, ಮಾಡಿದವರಿಲ್ಲ. ಯಾರು ನಿಗದಿಪಡಿಸಿದರು? ಸರ್ವಸಾಧಾರಣ ಸಭೆಯೋ, ವ್ಯವಸ್ಥಾಪಕ ಸಮಿತಿಯೋ, ಗಣಪತಿಯ ಕೆಲಸಕ್ಕೆಂದು ಸೇರಿದ ಏಳೆಂಟು ಉತ್ಸಾಹಿಗಳೋ? ಉತ್ತರ ಸಾಮಾನ್ಯವಾಗಿ ಕೊನೆಯದು. ಹಾಗಾಗಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ, ಹಬ್ಬಗಳು ನಡೆಯುವುದೇ ಅಂಥ ಏಳೆಂಟು ಜನರಿಂದ. ತಪ್ಪಿರುವುದು ಆ ಏಳೆಂಟು ಜನರ ಮಾತನ್ನು ಸೊಸೈಟಿಯ ಲೆಟರ್‌ಹೆಡ್ಡಿನ ಮೇಲೆ, ನೋಂದಣಿ ಸಂಖ್ಯೆಯ ಕೆಳಗೆ, ಗುಂಡು ಮೊಹರಿನ ಜೊತೆ ಹಾಕುವುದರಲ್ಲಿ. ಮೊಹರು ಬಿದ್ದ ಕೂಡಲೇ ವಂತಿಗೆ ಎಂಬುದು ನೀರಿನ ಬಿಲ್ಲಿನ ಸಾಲಿಗೆ ಸೇರಿಬಿಡುತ್ತದೆ. ಮೇಂಟೆನೆನ್ಸ್ ಕೊಡದಿದ್ದರೆ ಬಡ್ಡಿ ಬೀಳುತ್ತದೆ ಎಂದು ಗೊತ್ತಿರುವ ನಿವೃತ್ತ ಗುಮಾಸ್ತೆಯೊಬ್ಬರು, ಅದೇ ಮೊಹರು ಕಂಡಾಗ, ಕೊಡದಿದ್ದರೆ ಏನಾಗುತ್ತದೋ ಎಂದು ಹೆದರಿ ಕೊಡುತ್ತಾರೆ. ಹೆದರಿ ಕೊಟ್ಟ ಹಣವನ್ನು ಭಕ್ತಿಯ ಲೆಕ್ಕಕ್ಕೆ ಬರೆದುಕೊಳ್ಳುವುದು ಗಣಪತಿಗೂ ಇಷ್ಟವಾಗಲಾರದು.

ಮರಾಠಿಯಲ್ಲಿ ಇದಕ್ಕೆ ವರ್ಗಣಿ ಎನ್ನುತ್ತಾರೆ, ಹುಬ್ಬಳ್ಳಿ ಧಾರವಾಡದ ಕಡೆಯವರು ಪಟ್ಟಿ ಎತ್ತುವುದು ಎನ್ನುತ್ತಾರೆ. 1893ರಲ್ಲಿ ಸಾರ್ವಜನಿಕ ಗಣೇಶೋತ್ಸವ ಪುಣೆ ಮುಂಬೈಗಳಲ್ಲಿ ಬೇರೂರಿದಾಗ, ಗಿರ್‌ಗಾಂವದ ಚಾಳಿನ ಅಂಗಳಗಳಲ್ಲಿ ಹಬ್ಬವನ್ನು ಹೊತ್ತದ್ದು ಇಂಥ ವಂತಿಗೆಯೇ. ಚಾಳಿನಲ್ಲಿ ಪಟ್ಟಿ ಎತ್ತಲು ಬಂದವನು ಬಾಗಿಲಿಗೆ ಬರುತ್ತಿದ್ದ, ರಸೀದಿ ಪುಸ್ತಕ ಬಿಚ್ಚುತ್ತಿದ್ದ. ಮನೆಯವರು ತಿಂಗಳ ಕೊನೆ ಎಂದು ಹೇಳಿ ಇದ್ದಷ್ಟು ಕೊಡಬಹುದಿತ್ತು, ಮುಂದಿನ ವಾರ ಬಾ ಎನ್ನಬಹುದಿತ್ತು. ಮುಖಕ್ಕೆ ಮುಖ ನಡೆದ ಆ ಮಾತುಕತೆಯಲ್ಲಿ ಒತ್ತಡ ಇರಲಿಲ್ಲ ಎಂದಲ್ಲ, ಆದರೆ ಚೌಕಾಸಿಗೆ ಜಾಗ ಇತ್ತು. ಬೋರ್ಡಿನ ಹಾಳೆಯ ಜೊತೆ ಚೌಕಾಸಿ ನಡೆಯುವುದಿಲ್ಲ. ಅದಕ್ಕಾಗಿಯೇ, ಬಾಗಿಲಿನ ಬಳಿ ಬಾಯಲ್ಲಿ ಹೇಳುತ್ತಿದ್ದ ‘ನಿಮ್ಮ ಇಚ್ಛೆ’ ಎಂಬ ಮಾತು ಹಾಳೆಯಲ್ಲಿ ಅಚ್ಚಾಗಬೇಕು, ಅದೂ ಮೊತ್ತದ ಪಕ್ಕದಲ್ಲೇ, ಮೊತ್ತದಷ್ಟೇ ದಪ್ಪ ಅಕ್ಷರದಲ್ಲಿ. ‘ವಂತಿಗೆ ಐಚ್ಛಿಕ. ಸಮಿತಿಯ ಅಂದಾಜು ಮನೆಗೆ ರೂ. 1,000’ ಎಂದರೆ ಆಯಿತು. ಆ ಒಂದು ರೂಪಾಯಿ ಶುಭಕ್ಕೆ ಇರಲಿ ಎನ್ನುವವರು ಇಟ್ಟುಕೊಳ್ಳಲಿ, ಅದರಲ್ಲಿ ಜಗಳವಿಲ್ಲ.

ಐಚ್ಛಿಕ ಎಂದು ಬರೆದರೆ ಯಾರೂ ಕೊಡುವುದಿಲ್ಲ ಎಂಬುದು ಕಮಿಟಿಯವರ ಹಳೆಯ ಆತಂಕ. ಆ ಆತಂಕವನ್ನು ಲೆಕ್ಕ ಹಾಕಿಯೇ ನೋಡಬೇಕು. 84 ಮನೆ, ತಲಾ 1,001 ಎಂದರೆ 84,084 ರೂಪಾಯಿ. ಖರ್ಚಿನ ಅಂದಾಜು ಹೀಗೆ ಎಂದಿಟ್ಟುಕೊಳ್ಳಬಹುದು: ಮಂಟಪ ಮತ್ತು ದೀಪಕ್ಕೆ 22,000, ಮೂರ್ತಿಗೆ 9,000, ಪೂಜೆ ಪುರೋಹಿತರಿಗೆ 6,000, ಇನ್ನೂರು ಜನರ ಊಟಕ್ಕೆ 28,000, ಧ್ವನಿವರ್ಧಕಕ್ಕೆ 7,000, ಮಕ್ಕಳ ಬಹುಮಾನಕ್ಕೆ 4,000, ವಿಸರ್ಜನೆಯ ಟೆಂಪೋ ಇತ್ಯಾದಿಗೆ 5,000. ಒಟ್ಟು 81,000. ಕಾಗದದ ಮೇಲೆ ಸರಿಹೋಯಿತು. ಆದರೆ 84ರಲ್ಲಿ ಎಲ್ಲರೂ ಎಂದೂ ಕೊಡುವುದಿಲ್ಲ. ಕೆಲವು ಮನೆ ಬೀಗ ಹಾಕಿರುತ್ತವೆ, ಕೆಲವರು ಊರಿಗೆ ಹೋಗಿರುತ್ತಾರೆ, ಕೆಲವರ ಧರ್ಮ ಬೇರೆ, ಕೆಲವರಿಗೆ ಮನಸ್ಸಿಲ್ಲ. 61 ಮನೆಯವರು ಕೊಟ್ಟರು ಎಂದಾದರೆ ಕೈಗೆ ಬಂದದ್ದು 61,061. ಕೊರತೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ. ಹಬ್ಬ ನಿಲ್ಲುವುದಿಲ್ಲ, ಮಂಟಪದವನು ಸಾಲ ಬಿಡುವುದಿಲ್ಲ. ಆ ಇಪ್ಪತ್ತು ಸಾವಿರ ಎಲ್ಲಿಂದ ಬಂತು?

ಇದೇ ಪ್ರಶ್ನೆಯನ್ನು ಆ ಸಂತೋಷದ ಹಾಳೆ ಎಲ್ಲೂ ಎತ್ತುವುದಿಲ್ಲ. ಒಬ್ಬಿಬ್ಬರು ಉಳ್ಳವರು ತುಂಬಿದರೆ ಅದು ಅವರ ದೊಡ್ಡತನ. ಹೆಚ್ಚಿನ ಕಡೆ ಅದು ಸೊಸೈಟಿಯ ಖಾತೆಯಿಂದ ‘ಇತರೆ ಖರ್ಚು’ ಎಂಬ ಶೀರ್ಷಿಕೆಯಡಿ ಸದ್ದಿಲ್ಲದೆ ಹೋಗುತ್ತದೆ. ಅಂದರೆ ಕೊಡುವುದಿಲ್ಲ ಎಂದ 23 ಮನೆಯವರೂ ಮೇಂಟೆನೆನ್ಸಿನ ಮೂಲಕ ಕೊಟ್ಟೇ ಬಿಟ್ಟರು, ಕೊಟ್ಟದ್ದು ಅವರಿಗೆ ತಿಳಿಯಲಿಲ್ಲ. ಲಿಫ್ಟಿನ ರಿಪೇರಿಗೆ ಹಣ ಸಾಲದೆಂದು ಮಾರ್ಚಿನಲ್ಲಿ ಜಗಳವಾಡುವವರು ಸೆಪ್ಟೆಂಬರಿನ ಈ ಸಾಲನ್ನು ನೆನೆಯುವುದಿಲ್ಲ. ಆದ್ದರಿಂದ ನೋಟೀಸಿನಲ್ಲಿ ವಂತಿಗೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಇರಲೇಬೇಕು: ‘ಸಂಗ್ರಹವಾದಷ್ಟರಲ್ಲೇ ಖರ್ಚು. ಸೊಸೈಟಿಯ ನಿಧಿಯಿಂದ ಹಣ ತೆಗೆಯುವುದಿಲ್ಲ.’ ಇದನ್ನು ಬರೆದ ಕಮಿಟಿ ಊಟದ ಮೆನುವಿನಿಂದ ಎರಡು ಸಿಹಿ ಕಡಿಮೆ ಮಾಡಬೇಕಾಗಬಹುದು, ಮಂಟಪದ ಎತ್ತರ ಇಳಿಸಬೇಕಾಗಬಹುದು. ತೆಗೆಯಲೇಬೇಕು ಎಂದಾದರೆ, ಸರ್ವಸಾಧಾರಣ ಸಭೆಯಲ್ಲಿ ಕೇಳಿ, ಠರಾವಿನ ತಾರೀಖನ್ನು ಅಲ್ಲೇ ಬರೆಯಬೇಕು. ಮಹಾರಾಷ್ಟ್ರದ ಮಾದರಿ ಉಪವಿಧಿಗಳು ವಾರ್ಷಿಕ ಸಭೆಗೆ 14 ಪೂರ್ಣ ದಿನಗಳ, ವಿಶೇಷ ಸಭೆಗೆ 5 ಪೂರ್ಣ ದಿನಗಳ ನೋಟೀಸು ಕೇಳುತ್ತವೆ. ಆ ದಿನಗಳನ್ನು ಬೆರಳು ಮಡಚಿ ಎಣಿಸುವ ಕಾರ್ಯದರ್ಶಿಯೇ ಹಬ್ಬದ ಹಾಳೆಗೆ ಹಾಕಿದ ದಿನಾಂಕವನ್ನೂ ಬರೆಯದಿರುವುದು ವಿಚಿತ್ರ.

ಕ್ಯೂಆರ್ ಕೋಡಿನ ವಿಷಯವನ್ನೂ ಇಲ್ಲೇ ಹೇಳಿ ಮುಗಿಸಬಹುದು. ಈಚೆಗೆ ಹಾಳೆಯ ಕೆಳಮೂಲೆಯಲ್ಲಿ ಒಂದು ಚೌಕ ಅಂಟಿರುತ್ತದೆ. ಅದು ಯಾರ ಖಾತೆ? ಎಷ್ಟೋ ಸಲ ಖಜಾಂಚಿಯ ಮಗನ ಸ್ವಂತ ಖಾತೆ. ಮೋಸ ಎಂದಲ್ಲ, ಸುಲಭ ಎಂದು. ಆದರೆ ಚೌಕದ ಕೆಳಗೆ ಖಾತೆದಾರರ ಹೆಸರು ಅಚ್ಚಾಗಿರದಿದ್ದರೆ, ಫೋನಿನಲ್ಲಿ ಬೇರೆ ಹೆಸರು ಬಂದಾಗ ಕೊಡುವವರು ಹಿಂಜರಿಯುತ್ತಾರೆ. ಅಥವಾ ಹಿಂಜರಿಯುವುದಿಲ್ಲ, ಅದು ಇನ್ನೂ ಅಪಾಯ. ಏಕೆಂದರೆ ಒಂದು ಚೌಕದ ಮೇಲೆ ಇನ್ನೊಂದನ್ನು ಅಂಟಿಸುವುದು ಎರಡು ಸೆಕೆಂಡಿನ ಕೆಲಸ.

ಹಣದ ಮಾತು ಬಿಟ್ಟರೆ, ಹಾಳೆಯ ದೊಡ್ಡ ಅಪರಾಧ ಕ್ರಮದ್ದು. ನೋಟೀಸನ್ನು ಬರೆಯುವವರು ತಮ್ಮ ಉತ್ಸಾಹದ ಕ್ರಮದಲ್ಲಿ ಬರೆಯುತ್ತಾರೆ: ಮೊದಲು ಹರ್ಷ, ಆಮೇಲೆ ವಿಜೃಂಭಣೆ, ಆಮೇಲೆ ಶೋಭೆ, ಕೊನೆಗೆ ಸಹಕಾರ. ಓದುವವರಿಗೆ ಬೇಕಾದ ಕ್ರಮ ಇದರ ತಲೆಕೆಳಗು. ಬೋರ್ಡಿನ ಮುಂದೆ ಯಾರೂ ಓದಲೆಂದು ನಿಲ್ಲುವುದಿಲ್ಲ, ಲಿಫ್ಟಿಗಾಗಿ ನಿಲ್ಲುತ್ತಾರೆ. ಕೈಯಲ್ಲಿ ತರಕಾರಿ ಚೀಲ, ಪಕ್ಕದಲ್ಲಿ ಮಗು. ಲಿಫ್ಟು ಬರುವವರೆಗೆ ಸಿಗುವ ಆ ಅರ್ಧ ನಿಮಿಷದಲ್ಲಿ ಕಣ್ಣು ಹಿಡಿಯುವುದು ನಾಲ್ಕೈದು ಸಾಲು. ಆ ಸಾಲುಗಳನ್ನು ‘ಪ್ರತಿ ವರ್ಷದಂತೆ ಈ ವರ್ಷವೂ’ ತಿಂದುಹಾಕಿದರೆ, ಕಾರು ತೆಗೆಯಬೇಕಾದವನಿಗೆ ಏನು ಉಳಿಯಿತು?

ಕಾರಿನ ಸಾಲನ್ನೇ ಬಿಡಿಸಿ ನೋಡಿದರೆ ಸಾಕು. ಮಂಟಪ ಏಳುವುದು ಸ್ಟಿಲ್ಟ್ ಪಾರ್ಕಿಂಗಿನಲ್ಲಿ, 11ರಿಂದ 14ನೇ ಜಾಗಗಳಲ್ಲಿ ಎಂದಿಟ್ಟುಕೊಳ್ಳೋಣ. 80 ಮನೆಯವರಿಗೆ ಈ ಸಾಲು ಬೇಡ. ನಾಲ್ಕು ಮನೆಯವರಿಗೆ ಇಡೀ ಹಾಳೆಯಲ್ಲಿ ಇದೊಂದೇ ಸಾಲು ಬೇಕು. ‘ವಾಹನ ನಿಲ್ಲಿಸುವವರು ಸಹಕರಿಸಬೇಕು’ ಎಂಬ ಮಾತು ಆ ನಾಲ್ವರ ಹೆಸರು ಹಿಡಿದು ಕರೆಯುವುದಿಲ್ಲ, ಯಾವತ್ತು ತೆಗೆಯಬೇಕು, ಎಲ್ಲಿ ಇಡಬೇಕು, ಯಾವತ್ತು ಮರಳಿ ತರಬಹುದು ಎಂಬುದನ್ನೂ ಹೇಳುವುದಿಲ್ಲ. ಪರಿಣಾಮವನ್ನು ಊಹಿಸಬೇಕಿಲ್ಲ. ಭಾನುವಾರ ಬೆಳಿಗ್ಗೆ ಬಿದಿರು, ಪ್ಲೈವುಡ್ ಹೊತ್ತ ಟೆಂಪೋ ಬರುತ್ತದೆ. 13ನೇ ಜಾಗದ ಕಾರಿನವರು ಮೂರು ದಿನದಿಂದ ಊರಲ್ಲಿಲ್ಲ. ವಾಚ್‌ಮನ್ ಇಂಟರ್‌ಕಾಮ್ ಒತ್ತುತ್ತಾನೆ, ಉತ್ತರವಿಲ್ಲ. ಮಂಟಪದ ಹುಡುಗರು ಕಾರಿನ ಸುತ್ತಲೇ ಗಳ ನೆಡುತ್ತಾರೆ. ಊರಿಂದ ಬಂದವರಿಗೆ ಬಾಗಿಲಿನ ಮೇಲೊಂದು ಗೀರು ಕಾಣಿಸುತ್ತದೆ. ಅಲ್ಲಿಂದ ಶುರುವಾದ ಮಾತು ಮುಂದಿನ ವಾರ್ಷಿಕ ಸಭೆಯವರೆಗೆ ನಿಲ್ಲುವುದಿಲ್ಲ. ‘ಪಾರ್ಕಿಂಗ್ 11, 12, 13, 14: ಆಗಸ್ಟ್ 24 ಭಾನುವಾರ ಬೆಳಿಗ್ಗೆ 8ರ ಒಳಗೆ ಖಾಲಿ ಮಾಡಿ. ಸೆಪ್ಟೆಂಬರ್ 1 ಸೋಮವಾರ ರಾತ್ರಿ ಮರಳಿ ಬಳಸಬಹುದು. ಅಲ್ಲಿಯವರೆಗೆ ಅತಿಥಿಗಳ ಪಾರ್ಕಿಂಗಿನಲ್ಲಿ ನಿಲ್ಲಿಸಿ’ ಎಂಬ ಮೂರು ಸಾಲು ಇದ್ದಿದ್ದರೆ, ಅದೂ ಹದಿನೈದು ದಿನ ಮೊದಲೇ ಇದ್ದಿದ್ದರೆ, ಗೀರು ಬೀಳುವ ಪ್ರಸಂಗವೇ ಇರಲಿಲ್ಲ. ಸಹಕಾರ ಎಂಬ ಪದ ಆಗ ಹಾಳೆಯಲ್ಲಿ ಬೇಕಾಗುವುದೂ ಇಲ್ಲ.

ದಿನದ ವಿಷಯದಲ್ಲೂ ಇದೇ ಸಡಿಲು. ವಾರದ ಹೆಸರು ಒಂದೇ ಸಾಲದು, ತಾರೀಖು ಒಂದೇ ಕೂಡ ಸಾಲದು. ಎರಡೂ ಇದ್ದರೆ ಒಂದು ತಪ್ಪಿದಾಗ ಇನ್ನೊಂದು ಹಿಡಿಯುತ್ತದೆ. ಕಳೆದ ವರ್ಷದ ಫೈಲನ್ನೇ ತೆರೆದು ತಿದ್ದುವ ಅಭ್ಯಾಸ ಎಲ್ಲರಿಗೂ ಇರುವುದರಿಂದ ತಾರೀಖು ಬದಲಾಗಿ ವಾರ ಹಾಗೇ ಉಳಿಯುವುದು ಮಾಮೂಲು. 2024ರಲ್ಲಿ ಚೌತಿ ಶನಿವಾರ ಬಂದಿತ್ತು, 2025ರಲ್ಲಿ ಆಗಸ್ಟ್ 27ರ ಬುಧವಾರ. ಹಳೆಯ ‘ಶನಿವಾರ’ ಒಂದು ಕಡೆ ಉಳಿದುಕೊಂಡರೆ ಹೊರಗೆ ಕೆಲಸ ಮಾಡುವ ಅರ್ಧ ಜನ ಆ ಮಾತನ್ನೇ ನಂಬುತ್ತಾರೆ, ರಜೆಯ ದಿನ ಎಂಬ ಆಸೆಯಿಂದ. ಇನ್ನು ‘ನಾಳೆ ಸಂಜೆ’ ಎಂಬ ಮಾತು ಬೋರ್ಡಿನ ಮೇಲೆ ಬರಲೇಬಾರದು. ಹಾಳೆ ಮೂರು ದಿನ ಅಲ್ಲೇ ಇರುತ್ತದೆ, ‘ನಾಳೆ’ ಪ್ರತಿದಿನ ಒಂದು ದಿನ ಮುಂದಕ್ಕೆ ಓಡುತ್ತದೆ.

ಊಟದ ದಿನವನ್ನು ಕಾರ್ಯಕ್ರಮಗಳ ಸರಮಾಲೆಯಲ್ಲಿ ಪೋಣಿಸುವುದು ಇನ್ನೊಂದು ಅವಿವೇಕ. ಮಹಾಪ್ರಸಾದಕ್ಕೆ ಅಡುಗೆಯವರು ಕೇಳುವುದು ಸಂಖ್ಯೆ. ನೋಟೀಸು ಹೇಳುವುದು ‘ತಪ್ಪದೆ ಬನ್ನಿ’. ಈ ಎರಡರ ನಡುವೆ ಪ್ರತಿ ವರ್ಷ ಒಂದೋ ಅನ್ನ ಮಿಗುತ್ತದೆ, ಇಲ್ಲವೇ ಕೊನೆಯ ಪಂಕ್ತಿಗೆ ಸಾರು ನೀರಾಗುತ್ತದೆ. ಹಾಳೆಯ ಪಕ್ಕದಲ್ಲೇ ಒಂದು ಗೆರೆ ಎಳೆದ ಕಾಗದ ಇದ್ದರೆ ಸಾಕು: ಫ್ಲಾಟ್ ನಂಬರು, ದೊಡ್ಡವರು ಎಷ್ಟು, ಮಕ್ಕಳು ಎಷ್ಟು. ಹೆಸರು ಬೇಡ, ಫೋನ್ ನಂಬರು ಬೇಡ, ಮುಖ್ಯವಾಗಿ ಕೊಟ್ಟ ವಂತಿಗೆಯ ಮೊತ್ತ ಬೇಡ. ಆ ಕಾಗದ ಗಾಜಿನ ಹೊರಗೆ ಇರಬೇಕು. ಎಷ್ಟೋ ಸೊಸೈಟಿಗಳಲ್ಲಿ ಅದನ್ನೂ ಗಾಜಿನೊಳಗಿಟ್ಟು ಬೀಗ ಹಾಕಿ, ಕೀಲಿ ಮ್ಯಾನೇಜರ ಜೇಬಿನಲ್ಲಿರುವುದು ಕಂಡುಬರುತ್ತದೆ. ಪೆನ್ನನ್ನು ದಾರದಿಂದ ಕಟ್ಟಿದರೂ ಅದು ಎರಡನೇ ದಿನ ಮಾಯವಾಗುವುದು ಖಚಿತ, ಅದಕ್ಕೆ ವಾಚ್‌ಮನ್ನನ ಮೇಜಿನ ಮೇಲೆ ಇನ್ನೊಂದು ಇರಲಿ.

ವಂತಿಗೆ ಕೊಟ್ಟವರ ಪಟ್ಟಿಯನ್ನು ಮೊತ್ತದ ಇಳಿಕೆಯ ಕ್ರಮದಲ್ಲಿ ಬೋರ್ಡಿಗೆ ಹಾಕುವ ಪದ್ಧತಿಗೆ ಸಮರ್ಥನೆ ಇಲ್ಲವೇ ಇಲ್ಲ. ಪಾರದರ್ಶಕತೆ ಎಂಬ ಹೆಸರಿನಲ್ಲಿ ಅದು ನಡೆಯುತ್ತದೆ. ಆದರೆ ಆ ಹಾಳೆಯನ್ನು ಜನ ಓದುವುದು ಮೇಲಿನಿಂದ ಕೆಳಕ್ಕಲ್ಲ, ಅದರಲ್ಲಿ ಯಾರಿಲ್ಲ ಎಂದು ಹುಡುಕುತ್ತ. ಪಾರದರ್ಶಕವಾಗಬೇಕಾದ್ದು ಖರ್ಚು, ಕೊಟ್ಟವರ ಜೇಬಲ್ಲ. ಒಟ್ಟು ಸಂಗ್ರಹ ಎಷ್ಟು, ಎಷ್ಟು ಮನೆಗಳಿಂದ ಎಂಬ ಒಂದು ಸಾಲಿನಲ್ಲಿ ಆ ಕೆಲಸ ಮುಗಿಯುತ್ತದೆ.

ಕೆಲವರು ಇಲ್ಲಿ ಸಿಟ್ಟಾಗುತ್ತಾರೆ. ಹಬ್ಬ ಎಂದರೆ ಆಫೀಸಿನ ಸರ್ಕ್ಯುಲರ್ ಅಲ್ಲ, ಭಾವ ಬೇಕು, ಗಣಪತಿಯ ಚಿತ್ರವಿಲ್ಲದ ಹಾಳೆ ಸೂತಕದ ಸುದ್ದಿಯಂತೆ ಕಾಣುತ್ತದೆ ಎಂದು. ಈ ಮಾತಿನಲ್ಲಿ ಹುರುಳಿದೆ. ಹಬ್ಬಕ್ಕೆ ಕರೆಯುವ ಮಾತಿಗೆ ಬಣ್ಣ ಬೇಕು. ಅದಕ್ಕೆ ಪರಿಹಾರ ಸರಳ: ಎರಡು ಹಾಳೆ. ಒಂದು ಆಮಂತ್ರಣ, ಇನ್ನೊಂದು ಸೂಚನೆ. ಆಮಂತ್ರಣದಲ್ಲಿ ಗಣಪತಿ ಹಾಳೆ ತುಂಬ ಕುಳಿತುಕೊಳ್ಳಲಿ, ತೋರಣ ಕಟ್ಟಲಿ, ಹರ್ಷ ಉಕ್ಕಲಿ, ಮಕ್ಕಳೇ ಬಣ್ಣ ಹಚ್ಚಿದರೆ ಇನ್ನೂ ಚೆನ್ನ. ಅದನ್ನು ಲಿಫ್ಟಿನ ಬಾಗಿಲಿಗೆ ಅಂಟಿಸಬಹುದು, ಅದಕ್ಕೆ ಉತ್ಸವ ಸಮಿತಿಯ ಹೆಸರಿರಲಿ, ಸೊಸೈಟಿಯ ಮೊಹರು ಬೇಡ. ಸೂಚನೆಯ ಹಾಳೆಯಲ್ಲಿ ಚಿತ್ರಕ್ಕೆ ಮೂಲೆಯಲ್ಲಿ ಒಂದು ಅಂಗುಲ ಸಾಕು.

ಏಕೆ ಒಂದಂಗುಲ ಎಂಬುದಕ್ಕೆ ಜಾಗದ ಲೆಕ್ಕವೇ ಉತ್ತರ. ಬೋರ್ಡಿನ ಹಾಳೆಯನ್ನು ಜನ ಸುಮಾರು ಒಂದು ಮೀಟರ್ ದೂರದಿಂದ, ಗಾಜಿನ ಮೇಲೆ ಟ್ಯೂಬ್‌ಲೈಟಿನ ಹೊಳಪು ಬಿದ್ದಿರುವಾಗ ಓದುತ್ತಾರೆ. ಕೈಯಲ್ಲಿ ಹಿಡಿದ ಕಾಗದಕ್ಕೆ ಸಾಕಾಗುವ 11-12 ಪಾಯಿಂಟಿನ ಅಕ್ಷರ ಅಲ್ಲಿ ಅರವತ್ತು ದಾಟಿದವರ ಕಣ್ಣಿಗೆ ಇರುವೆ ಸಾಲು. ಕನಿಷ್ಠ 18 ಪಾಯಿಂಟ್ ಬೇಕು. ದೇವನಾಗರಿಗೂ ಕನ್ನಡಕ್ಕೂ ಮೇಲೆ ಕೆಳಗೆ ಗುಣಿತ, ಒತ್ತುಗಳು ಇರುವುದರಿಂದ ಸಾಲುಗಳ ನಡುವೆ ಹೆಚ್ಚು ಗಾಳಿ ಬೇಕು. ಇಂಗ್ಲಿಷಿಗೆ ಸಾಲುವ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ದೀರ್ಘಕ್ಕೆ ಡಿಕ್ಕಿ ಹೊಡೆಯುತ್ತದೆ. ಹೀಗೆ ಹಾಕಿದರೆ ಒಂದು ಎ4 ಹಾಳೆಯಲ್ಲಿ ಹಿಡಿಸುವುದು 28-29 ಸಾಲು. ಮರಾಠಿ, ಇಂಗ್ಲಿಷ್ ಎರಡೂ ಬೇಕೆಂದರೆ ತಲಾ ಹದಿನಾಲ್ಕು ಸಾಲು, ಹೆಚ್ಚೆಂದರೆ ತಲಾ ನೂರು ಪದ. ಗಣಪತಿ ಮೂರನೇ ಒಂದು ಭಾಗ ತೆಗೆದುಕೊಂಡರೆ ಅದೂ ಇಲ್ಲ. ಆಗ ಜನ ಮಾಡುವುದು ಅಕ್ಷರವನ್ನು ಕಿರಿದು ಮಾಡುವುದು, ಮಾತನ್ನು ಕಿರಿದು ಮಾಡುವುದಲ್ಲ. ಎಲ್ಲ ಸಾಲನ್ನೂ ನಡುವಿಗೆ ಜೋಡಿಸುವ ಗೀಳು ಬೇರೆ. ಮದುವೆ ಕಾರ್ಡಿಗೆ ಅದು ಚೆಂದ. ಸೂಚನೆಯಲ್ಲಿ ಪ್ರತಿ ಸಾಲೂ ಬೇರೆ ಜಾಗದಿಂದ ಶುರುವಾದರೆ ಕಣ್ಣು ಮುಂದಿನ ಸಾಲನ್ನು ಹುಡುಕಬೇಕಾಗುತ್ತದೆ. ಎಡಗಡೆ ದಿನ, ಬಲಗಡೆ ಆ ದಿನ ಏನು ಎಂದು ಎರಡು ಕಂಬ ಮಾಡಿದರೆ ಬೆರಳಿಟ್ಟು ಓದಬಹುದು.

ಮುಂಬೈಯ ಈ ಹಬ್ಬ ಮಳೆಗಾಲದ ಹಬ್ಬ ಎಂಬುದನ್ನೂ ಮರೆಯಬಾರದು. ಇಂಕ್‌ಜೆಟ್ಟಿನಲ್ಲಿ ಅಚ್ಚು ಹಾಕಿದ ಹಾಳೆ ತೆರೆದ ಪ್ರವೇಶದ್ವಾರದ ತೇವಕ್ಕೆ ಎರಡೇ ದಿನದಲ್ಲಿ ಕಣ್ಣೀರಿಡುತ್ತದೆ, ಮೊದಲು ಕರಗುವುದು ಬಣ್ಣದ ಅಕ್ಷರ, ಅಂದರೆ ಮುಖ್ಯವೆಂದು ಕೆಂಪಿನಲ್ಲಿ ಹಾಕಿದ ಸಾಲೇ. ಬೀದಿಯ ಜೆರಾಕ್ಸ್ ಅಂಗಡಿಯ ಕಪ್ಪು ಟೋನರು ಕರಗುವುದಿಲ್ಲ.

ಇನ್ನೊಂದು ವಾದ: ವಾಟ್ಸ್ಯಾಪಿನಲ್ಲಿ ಎಲ್ಲ ಬಂದಿರುತ್ತದೆ, ಬೋರ್ಡು ಶಾಸ್ತ್ರಕ್ಕೆ. ಸೊಸೈಟಿಯ ಗುಂಪಿನಲ್ಲಿ ಸಾಮಾನ್ಯವಾಗಿ ಇರುವುದು ಮಾಲೀಕರು, ಮನೆಗೊಬ್ಬರು. ಬಾಡಿಗೆಯವರು ಎಷ್ಟೋ ಕಡೆ ಗುಂಪಿನ ಹೊರಗೆ. ಸೊಸೆಯ ಫೋನಿಗೆ ಬಂದದ್ದು ಅತ್ತೆಗೆ ತಲುಪುವುದಿಲ್ಲ. ಮಹಾಪ್ರಸಾದಕ್ಕೆ ಕರೆಯಿದೆಯೋ ಇಲ್ಲವೋ ಎಂದು ತಿಳಿಯದೆ ನಿಲ್ಲುವ ಮನೆಗೆಲಸದ ಹೆಂಗಸರು, ಸಫಾಯಿಯವರು, ವಾಚ್‌ಮನ್ ಯಾವ ಗುಂಪಿನಲ್ಲೂ ಇಲ್ಲ. ‘ಸಮಸ್ತ ಸದಸ್ಯರಿಗೆ’ ಎಂದು ಶುರುವಾಗುವ ಹಾಳೆ ಅವರನ್ನು ಮೊದಲ ಪದದಲ್ಲೇ ಹೊರಗಿಡುತ್ತದೆ, ಏಕೆಂದರೆ ಸೊಸೈಟಿಯ ಭಾಷೆಯಲ್ಲಿ ಸದಸ್ಯ ಎಂದರೆ ಷೇರು ಪತ್ರ ಇರುವವನು. ಬಾಡಿಗೆಯವರಿಂದ ವಂತಿಗೆ ತೆಗೆದುಕೊಳ್ಳುವಾಗ ಮಾತ್ರ ಈ ವ್ಯಾಖ್ಯೆ ನೆನಪಾಗುವುದಿಲ್ಲ. ‘ಇಲ್ಲಿ ವಾಸಿಸುವವರು, ಇಲ್ಲಿ ಕೆಲಸ ಮಾಡುವವರು ಎಲ್ಲರೂ ಊಟಕ್ಕೆ ಬನ್ನಿ’ ಎಂದು ಬರೆಯಲು ಒಂದು ಸಾಲಿಗಿಂತ ಹೆಚ್ಚು ಜಾಗ ಬೇಕಿಲ್ಲ.

ಭಾಷೆಯ ಪ್ರಶ್ನೆ ಇಲ್ಲೇ ಹುಟ್ಟುತ್ತದೆ. ಹತ್ತು ಹನ್ನೆರಡು ಕನ್ನಡದ ಮನೆಗಳಿರುವ ಸೊಸೈಟಿಗಳಲ್ಲಿ, ನಮ್ಮದೂ ಒಂದು ಸಾಲು ಇರಲಿ ಎಂಬ ಆಸೆ ಮೂಡುವುದು ಸಹಜ. ಮೂವತ್ತು ವರ್ಷ ಮುಂಬೈಯಲ್ಲಿದ್ದು ಮರಾಠಿ ಪತ್ರಿಕೆ ಓದುವವರಿಗೆ ಆ ಸಾಲಿನಿಂದ ಹೊಸದೇನೂ ತಿಳಿಯುವುದಿಲ್ಲ, ಜಾಗ ಮಾತ್ರ ಹೋಗುತ್ತದೆ. ಆದರೆ ಯಾದಗಿರಿಯಿಂದಲೋ ಕಲಬುರಗಿಯಿಂದಲೋ ಬಂದು ಕನ್ನಡ ಮಾತ್ರ ಓದಬಲ್ಲ ವಾಚ್‌ಮನ್ ಅಲ್ಲಿದ್ದರೆ, ಪಾರ್ಕಿಂಗಿನ ಸಾಲು ಮತ್ತು ಊಟದ ಸಾಲು ಕನ್ನಡದಲ್ಲೂ ಇರಲೇಬೇಕು. ಬೋರ್ಡಿನ ಭಾಷೆಯನ್ನು ತೀರ್ಮಾನಿಸಬೇಕಾದ್ದು ಓದಲಾಗದೆ ತೊಂದರೆಪಡುವವನು, ಅಭಿಮಾನವಲ್ಲ. ಇದನ್ನು ಮರಾಠಿಯವರಿಗೂ ಹೇಳಬೇಕು, ಚೆನ್ನೈಯ ತಮಿಳರಿಗೂ.

ಸದ್ದಿನ ಸಾಲಿಗೆ ಬಂದರೆ, ಅದನ್ನು ಬರೆಯಲು ಕಮಿಟಿಗಳಿಗೆ ಸಂಕೋಚ. ಬರೆದರೆ ದೂರು ಕೊಡಲು ದಾರಿ ತೋರಿಸಿದಂತಾಗುತ್ತದೆ ಎಂಬ ಭಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಹಬ್ಬಗಳಿಗೆಂದು ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಆ ದಿನಗಳನ್ನು ಹೇಳುವುದೂ ಸರ್ಕಾರವೇ, ಸೊಸೈಟಿಯಲ್ಲ. ‘ಧ್ವನಿವರ್ಧಕ ಸಂಜೆ 7ರಿಂದ 9.30’ ಎಂದು ಹಾಳೆಯಲ್ಲಿದ್ದರೆ, ಮೊದಲ ಮಹಡಿಯಲ್ಲಿ ಎಳೆಯ ಮಗುವಿರುವ ತಾಯಿ, ಪರೀಕ್ಷೆಗೆ ಓದುವ ಹುಡುಗ, ರಾತ್ರಿಪಾಳಿ ಮುಗಿಸಿ ಬಂದ ನರ್ಸು ತಮ್ಮ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಸೂಚನೆಯ ಅರ್ಧ ಓದುಗರು ಹಬ್ಬಕ್ಕೆ ಬರುವವರಲ್ಲ, ಹಬ್ಬದ ಪಕ್ಕದಲ್ಲಿ ಬದುಕುವವರು. ಬರುವವರಿಗೆ ಬಾಯಿಮಾತೂ ಸಾಕಾದೀತು, ಹಾಳೆಯ ಅಗತ್ಯ ಹೆಚ್ಚಿರುವುದು ಬರದವರಿಗೆ.

ಇಷ್ಟೆಲ್ಲ ಆದಮೇಲೆ ಅದೇ 84 ಮನೆಯ ಸೂಚನೆ ಹೀಗಾಗುತ್ತದೆ:

ಗಣೇಶೋತ್ಸವ 2025: ಆಗಸ್ಟ್ 27 ಬುಧವಾರದಿಂದ 31 ಭಾನುವಾರ
ಜಾಗ: ಸ್ಟಿಲ್ಟ್, ಎ ವಿಂಗ್
ಪಾರ್ಕಿಂಗ್ 11, 12, 13, 14: ಆಗಸ್ಟ್ 24 ಭಾನುವಾರ ಬೆಳಿಗ್ಗೆ 8ರ ಒಳಗೆ ಖಾಲಿ ಮಾಡಿ. ಸೆಪ್ಟೆಂಬರ್ 1 ಸೋಮವಾರ ರಾತ್ರಿ ಮರಳಿ ಬಳಸಬಹುದು. ಅಲ್ಲಿಯವರೆಗೆ ಅತಿಥಿಗಳ ಪಾರ್ಕಿಂಗ್.
ಆರತಿ: ಪ್ರತಿದಿನ ಬೆಳಿಗ್ಗೆ 8, ಸಂಜೆ 7.30. ಧ್ವನಿವರ್ಧಕ ಸಂಜೆ 7ರಿಂದ 9.30 ಮಾತ್ರ.
ಊಟ: ಆಗಸ್ಟ್ 30 ಶನಿವಾರ ಮಧ್ಯಾಹ್ನ 12.30. ಇಲ್ಲಿ ವಾಸಿಸುವವರು, ಕೆಲಸ ಮಾಡುವವರು ಎಲ್ಲರೂ ಬನ್ನಿ. ಎಷ್ಟು ಜನ ಎಂದು ಪಕ್ಕದ ಕಾಗದದಲ್ಲಿ 27ರ ಒಳಗೆ ಬರೆಯಿರಿ.
ವಿಸರ್ಜನೆ: ಆಗಸ್ಟ್ 31 ಭಾನುವಾರ ಸಂಜೆ 5ಕ್ಕೆ ಹೊರಡುವುದು, ಪಾಲಿಕೆಯ ಕೃತಕ ಕೊಳಕ್ಕೆ.
ವಂತಿಗೆ ಐಚ್ಛಿಕ: ಅಂದಾಜು ಮನೆಗೆ ರೂ. 1,000. ರಸೀದಿ ಕೊಡಲಾಗುವುದು. ಸೊಸೈಟಿಯ ನಿಧಿಯಿಂದ ಹಣ ತೆಗೆಯುವುದಿಲ್ಲ. ಲೆಕ್ಕ ಇದೇ ಬೋರ್ಡಿನಲ್ಲಿ ಸೆಪ್ಟೆಂಬರ್ 14ರ ಒಳಗೆ.
ಕೇಳುವುದಿದ್ದರೆ: ಎ 302, ಸಂಜೆ 7ರಿಂದ 9.
ಉತ್ಸವ ಸಮಿತಿ. ಹಾಕಿದ ದಿನ ಆಗಸ್ಟ್ 9. ಇಳಿಸುವ ದಿನ ಸೆಪ್ಟೆಂಬರ್ 2.

ಇದರಲ್ಲೂ ಒಂದು ‘ಲಾಗುವುದು’ ನುಸುಳಿದೆ. ರಸೀದಿಯ ಸಾಲಿನಲ್ಲಿ ‘ಎ 302ರವರು ಕೊಡುತ್ತಾರೆ’ ಎಂದು ತಿದ್ದಬೇಕು. ಉಳಿದಂತೆ ಒಂದು ಹಾಳೆಯಲ್ಲಿ ಹದಿನೆಂಟು ಪಾಯಿಂಟಿನಲ್ಲಿ ಹಿಡಿಯುತ್ತದೆ, ಇಂಗ್ಲಿಷಿನದು ಪಕ್ಕದ ಹಾಳೆಯಲ್ಲಿ. ಹಿಂಬದಿಯಲ್ಲಿ ಅಚ್ಚು ಹಾಕುವ ಮಾತೇ ಇಲ್ಲ, ಗಾಜಿನೊಳಗಿನ ಹಾಳೆಯನ್ನು ಯಾರೂ ತಿರುವಲಾರರು.

ಇಳಿಸುವ ದಿನ ಬರೆದದ್ದು ಅಲಂಕಾರಕ್ಕಲ್ಲ. ಯಾವ ಬೋರ್ಡನ್ನು ನೋಡಿದರೂ ನವರಾತ್ರಿಯ ಹಾಳೆಯ ಕೆಳಗೆ ಗಣಪತಿಯದು, ಅದರ ಕೆಳಗೆ ಹಿಂದಿನ ಹೋಳಿಯದು ಇರುತ್ತದೆ, ನೀರು ಬರುವುದಿಲ್ಲ ಎಂಬ ಇಂದಿನ ಸೂಚನೆಗೆ ಮೂಲೆಯೂ ಸಿಗುವುದಿಲ್ಲ. ಸೆಪ್ಟೆಂಬರ್ 2ಕ್ಕೆ ವಾಚ್‌ಮನ್ ಪಿನ್ನು ಕಿತ್ತು ಈ ಹಾಳೆ ತೆಗೆದಾಗ ಖಾಲಿಯಾಗುವ ಜಾಗಕ್ಕೆ 14ರ ಒಳಗೆ ಇನ್ನೊಂದು ಹಾಳೆ ಬರಬೇಕಾಗಿದೆ: ಬಂದದ್ದು ಎಷ್ಟು, ಎಷ್ಟು ಮನೆಯಿಂದ, ಹೋದದ್ದು ಎಲ್ಲಿಗೆ, ಉಳಿದದ್ದು ಯಾರ ಕೈಯಲ್ಲಿ. ಆ ಹಾಳೆಗೆ ಗಣಪತಿಯ ಚಿತ್ರವನ್ನು ಯಾರೂ ಹಾಕುವುದಿಲ್ಲ, ಹೆಚ್ಚಿನ ಸೊಸೈಟಿಗಳಲ್ಲಿ ಆ ಹಾಳೆಯನ್ನೇ ಯಾರೂ ಹಾಕುವುದಿಲ್ಲ.